‘ಒಂದು ಬಗೆಯ’ ಎಂಬುದು ಅರ್ಥವಲ್ಲ

ದಿನಬಳಕೆಯ ಮಾತಿನಿಂದ ಬಣ್ಣ, ಸದ್ದು, ನಡಿಗೆಗಳ ಪದಗಳನ್ನು ಆಯ್ದು ಪಟ್ಟಿ ಮಾಡುವ ಕೆಲಸವನ್ನು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳು ಆಗಾಗ ಕೈಗೆತ್ತಿಕೊಳ್ಳುತ್ತಾರೆ. ಕೆಲವೊಮ್ಮೆ ಅದು ಪ್ರಬಂಧದ ಅನುಬಂಧವಾಗಿ ಬರುತ್ತದೆ, ಕೆಲವೊಮ್ಮೆ ಸ್ವಂತ ಆಸಕ್ತಿಯ ಟಿಪ್ಪಣಿಯಾಗಿ ಉಳಿಯುತ್ತದೆ. ಅಂತಹ ಪಟ್ಟಿಗಳನ್ನು ಓದುವ ಅವಕಾಶ ನನಗೆ ಅನೇಕ ಸಲ ಒದಗಿದೆ. ಎಡಗಡೆಯ ಅಂಕಣದಲ್ಲಿ ಪದ, ಬಲಗಡೆಯ ಅಂಕಣದಲ್ಲಿ ಅರ್ಥ. ಎಡಗಡೆ ಕಣ್ಣಾಡಿಸಿದರೆ ಮನಸ್ಸು ತುಂಬುತ್ತದೆ: ಬಿರಬಿರ, ಸರಸರ, ಎಣ್ಣೆಗೆಂಪು, ನಸುಗಪ್ಪು, ಲೊಡಲೊಡ, ಚಟಚಟ. ಬಲಗಡೆಗೆ ಬಂದರೆ ನಿರಾಶೆ. ಅಲ್ಲಿ ‘ಒಂದು ಬಗೆಯ ಸದ್ದು’, ‘ಒಂದು ಬಗೆಯ ಬಣ್ಣ’, ‘ವೇಗವಾಗಿ ನಡೆಯುವುದು’, ‘ಅನುಕರಣ ಶಬ್ದ’ ಎಂಬ ನಾಲ್ಕೈದು ಮಾತುಗಳೇ ಸುತ್ತಿ ಸುತ್ತಿ ಬರುತ್ತವೆ.

ಇಂತಹ ಪಟ್ಟಿ ಇರುವುದಕ್ಕಿಂತ ಇಲ್ಲದಿರುವುದೇ ಲೇಸು ಎಂಬುದು ನನ್ನ ವಾದ. ಕಟುವಾಗಿ ಕೇಳಿಸಬಹುದು, ಆದರೆ ಕಾರಣವಿದೆ. ಪಟ್ಟಿಯೇ ಇಲ್ಲದಿದ್ದರೆ ಪದ ಇನ್ನೂ ಸಂಗ್ರಹವಾಗಿಲ್ಲ ಎಂಬ ಎಚ್ಚರವಾದರೂ ಉಳಿದಿರುತ್ತದೆ, ಮುಂದೆ ಯಾರೋ ಒಬ್ಬರು ಹುಡುಕಿಕೊಂಡು ಹೋಗುತ್ತಾರೆ. ‘ಒಂದು ಬಗೆಯ ನಡಿಗೆ’ ಎಂದು ಬರೆದಿಟ್ಟ ಮೇಲೆ ಕೆಲಸ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಪದದ ಧ್ವನಿ ಉಳಿಯುತ್ತದೆ, ಅರ್ಥ ಮಾತ್ರ ಸದ್ದಿಲ್ಲದೆ ಹೋಗಿಬಿಡುತ್ತದೆ. ಖಚಿತವಾದ ಪದವೆಂದರೆ ತನ್ನ ನೆರೆಯ ಪದದಿಂದ ಬೇರೆಯಾಗಿ ನಿಲ್ಲಬಲ್ಲ ಪದ. ಆ ಬೇರೆತನವನ್ನು ಬರೆಯದ ಪಟ್ಟಿಯಲ್ಲಿ ಖಚಿತತೆ ಎಂಬುದು ಎಲ್ಲಿರುತ್ತದೆ?

ನಡಿಗೆಯಿಂದಲೇ ಆರಂಭಿಸೋಣ. ತುಮಕೂರು ನಗರದಿಂದ ಶಿರಾ ಕಡೆಗೆ ರಸ್ತೆ ಹೊರಡುವಲ್ಲಿ ಶಿರಾ ಗೇಟ್ ಇದೆ. ಬಸ್ಸಿಗೆ ಕಾಯುವವರು, ಬಸ್ಸನ್ನು ಬೆನ್ನಟ್ಟುವವರು, ತಲೆಯ ಮೇಲೆ ಹೊರೆ ಹೊತ್ತವರು, ಮಗುವಿನ ಕೈ ಹಿಡಿದವರು, ಹೀಗೆ ಎಲ್ಲ ಬಗೆಯ ಕಾಲುಗಳೂ ಒಂದೇ ಜಾಗದಲ್ಲಿ ಕಾಣಸಿಗುವ ಸ್ಥಳ ಅದು. ಅಲ್ಲಿ ಒಂದು ಗಂಟೆ ನಿಂತು ಕಿವಿಗೊಟ್ಟರೆ ಅವಸರದ ನಡಿಗೆಗೆ ಕನಿಷ್ಠ ನಾಲ್ಕು ಪದಗಳಾದರೂ ಕೇಳಿಬರುತ್ತವೆ: ಬಿರಬಿರ, ಸರಸರ, ದಡದಡ, ದಾಪುಗಾಲು. ನಾನು ಮೇಲೆ ಹೇಳಿದ ಪಟ್ಟಿಗಳಲ್ಲಿ ಈ ನಾಲ್ಕಕ್ಕೂ ಒಂದೇ ಅರ್ಥ: ‘ವೇಗವಾಗಿ’. ನಾಲ್ಕಕ್ಕೂ ಒಂದೇ ಅರ್ಥವಾಗಿದ್ದರೆ ಭಾಷೆ ಮೂರನ್ನು ಎಂದೋ ಕೈಬಿಟ್ಟಿರುತ್ತಿತ್ತು. ಅವು ಉಳಿದಿರುವುದೇ ಬೇರೆ ಬೇರೆ ಕೆಲಸ ಮಾಡುತ್ತಿರುವುದರಿಂದ.

ಈ ಕೆಲಸ ಯಾವುದೆಂದು ತಿಳಿಯಲು ‘ಈ ಪದಕ್ಕೆ ಏನರ್ಥ’ ಎಂದು ಕೇಳಿದರೆ ಸಾಲದು. ‘ಈ ಪದ ಎಲ್ಲಿ ಒಗ್ಗುವುದಿಲ್ಲ’ ಎಂದು ಕೇಳಬೇಕು. ದಾಪುಗಾಲನ್ನು ತೆಗೆದುಕೊಳ್ಳಿ. ಆಗತಾನೇ ನಡೆಯಲು ಕಲಿತ ಮಗು ದಾಪುಗಾಲು ಹಾಕಿತು ಎಂದರೆ ಕೇಳಿದವರು ನಗುತ್ತಾರೆ. ಮಗು ಎಷ್ಟೇ ಬೇಗ ಬಂದರೂ ಅದು ದುಡುದುಡು ಬರುತ್ತದೆ, ಇಲ್ಲವೆ ಗುಡುಗುಡು ಓಡಿಬರುತ್ತದೆ. ಹಾಗಾದರೆ ದಾಪುಗಾಲಿನ ಜೀವಾಳ ವೇಗವಲ್ಲ, ಹೆಜ್ಜೆಯ ಉದ್ದ. ಹೆಜ್ಜೆಗಳ ಎಣಿಕೆ ಕಡಿಮೆಯಾಗಿ, ಒಂದೊಂದು ಹೆಜ್ಜೆಯೂ ನೀಳವಾದಾಗ ಮಾತ್ರ ಅದು ದಾಪುಗಾಲು. ವೇಗ ಅದರ ಫಲವಷ್ಟೆ.

ದಡದಡ ಎಂಬುದನ್ನು ಮರಳಿನ ಮೇಲೆ ನಡೆಸಿ ನೋಡಿ. ನಡೆಯುವುದಿಲ್ಲ. ‘ಮೆಟ್ಟಿಲಿಳಿದು ದಡದಡ ಬಂದ’ ಎಂಬುದು ಸಹಜ, ‘ಮರಳಿನಲ್ಲಿ ದಡದಡ ಬಂದ’ ಎಂಬುದು ಅಸಹಜ. ಈ ಪದಕ್ಕೆ ಕಾಲಿನ ಭಾರವೂ ಬೇಕು, ಆ ಭಾರಕ್ಕೆ ಮಾರುತ್ತರ ಕೊಡುವ ನೆಲವೂ ಬೇಕು. ನೋಡುವವನ ಕಣ್ಣಿಗಿಂತ ಕೆಳಗಿನ ಕೋಣೆಯಲ್ಲಿ ಕುಳಿತವನ ಕಿವಿಗೆ ಸೇರಿದ ಪದ ಇದು. ಸರಸರ ಎಂಬುದು ಇದಕ್ಕೆ ವಿರುದ್ಧ. ಹಾವು ಸರಸರ ಹರಿಯುತ್ತದೆ, ಅಳಿಲು ಸರಸರ ಮರ ಹತ್ತುತ್ತದೆ, ಕೈ ಪಳಗಿದ ಗುಮಾಸ್ತ ಸರಸರ ಬರೆಯುತ್ತಾನೆ. ಈ ಮೂರರಲ್ಲೂ ಸಮಾನವಾಗಿರುವುದು ತಡೆಯಿಲ್ಲದಿರುವಿಕೆ. ಕಾಲೇ ಇಲ್ಲದ ಪ್ರಾಣಿಗೂ ಕೈಬರಹಕ್ಕೂ ಒಗ್ಗುವ ಪದವನ್ನು ‘ವೇಗವಾಗಿ ನಡೆಯುವುದು’ ಎಂದು ಬರೆದವರು ಅದರ ಅರ್ಥವನ್ನು ಬರೆದಿಲ್ಲ, ತಾವು ಅದನ್ನು ಕೇಳಿದ ಒಂದು ಸಂದರ್ಭವನ್ನು ಮಾತ್ರ ಬರೆದಿದ್ದಾರೆ.

ಇನ್ನು ಬಿರಬಿರ. ಹಾವು ಬಿರಬಿರ ಹರಿಯದು, ಯಾರೂ ಬಿರಬಿರ ಬರೆಯರು. ಬಿರಬಿರನೆ ನಡೆಯುವವನು ಮನುಷ್ಯ, ಅವನಿಗೆ ಒಂದು ಗುರಿಯಿದೆ, ಮನಸ್ಸಿನಲ್ಲಿ ಒಂದು ಬಿರುಸಿದೆ. ಸಿಟ್ಟಿರಬಹುದು, ಹೊತ್ತು ಮೀರಿದ ಆತಂಕವಿರಬಹುದು, ಯಾರ ಕಣ್ಣಿಗೂ ಬೀಳಬಾರದೆಂಬ ಸಂಕೋಚವಿರಬಹುದು. ‘ಸಂಜೆಯ ಹೊತ್ತು ಹಾಯಾಗಿ ಬಿರಬಿರನೆ ನಡೆದಾಡಿದರು’ ಎಂಬ ವಾಕ್ಯ ಕನ್ನಡದ ಕಿವಿಗೆ ಒಪ್ಪುವುದಿಲ್ಲ. ‘ಹಾಯಾಗಿ’ ಎಂಬ ಮಾತನ್ನು ಆ ಪದ ಹೊರಗಟ್ಟುತ್ತದೆ. ನಾಲ್ಕು ಪದಗಳಲ್ಲಿ ಒಂದು ಹೆಜ್ಜೆಯ ಉದ್ದವನ್ನು, ಒಂದು ನೆಲಕ್ಕೆ ಬಿದ್ದ ಭಾರವನ್ನು, ಒಂದು ಚಲನೆಯ ಜಾರನ್ನು, ಒಂದು ನಡೆಯುವವನ ಮನಸ್ಸನ್ನು ಹಿಡಿದಿದೆ. ‘ವೇಗವಾಗಿ’ ಎಂಬ ಒಂದೇ ಮಾತು ಈ ನಾಲ್ಕನ್ನೂ ಒಂದೇ ಗುಂಡಿಗೆ ಹಾಕಿ ಮುಚ್ಚಿಬಿಡುತ್ತದೆ.

ಈ ನಿರಾಕರಣೆಯ ಪ್ರಶ್ನೆಯ ಜೊತೆಗೇ ಇನ್ನೊಂದನ್ನು ಗಮನಿಸಬೇಕು. ಇಂತಹ ಪದಗಳು ಕನ್ನಡದಲ್ಲಿ ಎರಡು ರೂಪದಲ್ಲಿ ಬರುತ್ತವೆ. ಒಂದು ಇಮ್ಮಡಿಸಿದ ರೂಪ, ಇನ್ನೊಂದು ‘ಅನೆ’ ಸೇರಿದ ಒಂಟಿ ರೂಪ. ಕಾಯಿ ಟಪ್ಪನೆ ಬಿತ್ತು ಎಂದರೆ ಬಿದ್ದದ್ದು ಒಂದು ಕಾಯಿ, ಒಂದು ಸಲ. ಹನಿಗಳು ಟಪಟಪ ಬಿದ್ದವು ಎಂದರೆ ಹಲವು ಹನಿ, ಹಲವು ಸಲ. ಇಲ್ಲಿ ರೂಪಭೇದ ಎಣಿಕೆಯ ಭೇದವನ್ನು ಹೇಳುತ್ತದೆ. ಆದರೆ ಎಲ್ಲೆಡೆಯೂ ಇಷ್ಟು ಸರಳವಲ್ಲ. ‘ಪಟಪಟ’ ಎಂಬುದರಲ್ಲಿ ರೆಕ್ಕೆಯ ಸದ್ದು, ಬಾವುಟದ ಸದ್ದು, ಬಿಡುವಿಲ್ಲದ ಮಾತಿನ ಸದ್ದು ಇನ್ನೂ ಕೇಳಿಸುತ್ತದೆ. ‘ಪಟ್ಟನೆ ಎದ್ದ’ ಎಂಬಲ್ಲಿ ಸದ್ದು ಪೂರ್ತಿ ಕರಗಿ, ತಟಕ್ಕನೆ ಎಂಬ ಕಾಲದ ಅರ್ಥವಷ್ಟೇ ಉಳಿದಿದೆ. ಎರಡು ರೂಪಗಳಲ್ಲಿ ಒಂದನ್ನು ಮಾತ್ರ ಬರೆದುಕೊಂಡ ಸಂಗ್ರಾಹಕ ಈ ಅರ್ಥಪಲ್ಲಟವನ್ನು ಎಂದಿಗೂ ಕಾಣಲಾರ. ಪದದ ಜೊತೆಗೆ ಬಂದ ಕ್ರಿಯಾಪದವನ್ನು ಬರೆಯದವನೂ ಅಷ್ಟೆ. ‘ಗಟಗಟ’ ಎಂಬುದು ಕುಡಿಯುವುದರ ಜೊತೆಗೆ ಬರುತ್ತದೆ, ತಿನ್ನುವುದರ ಜೊತೆಗೆ ಬಾರದು. ಕ್ರಿಯಾಪದವನ್ನು ಬಿಟ್ಟು ಗಟಗಟವನ್ನು ಮಾತ್ರ ಎತ್ತಿಕೊಂಡು ಬಂದರೆ ಕೈಗೆ ಸಿಕ್ಕುವುದು ಬರಿಯ ನಾಲ್ಕು ಅಕ್ಷರ.

ಬಣ್ಣದ ಪದಗಳಿಗೆ ಬಂದರೆ ತೊಡಕು ಬೇರೆಯ ಬಗೆಯದು. ಇಲ್ಲಿ ನಮ್ಮ ಸಂಶೋಧಕರ ಬೆನ್ನಿಗೆ ಒಂದು ಹೆಸರಾಂತ ಸಿದ್ಧಾಂತವೇ ನಿಂತಿದೆ. 1969ರಲ್ಲಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಎಂಬ ವಿದ್ವಾಂಸರು ಲೋಕದ ಹಲವು ಭಾಷೆಗಳ ಮೂಲವರ್ಣಪದಗಳನ್ನು ಹೋಲಿಸಿದ ಗ್ರಂಥವನ್ನು ಪ್ರಕಟಿಸಿದರು. ಅವರು ಬಳಸಿದ ಸಾಧನ 329 ಬಣ್ಣದ ಬಿಲ್ಲೆಗಳ ಒಂದು ಫಲಕ. ಅದನ್ನು ತೋರಿಸಿ, ನಿಮ್ಮ ಭಾಷೆಯ ಇಂತಹ ಪದ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ಕೇಳುವುದು ಅವರ ವಿಧಾನ. ಮೂಲವರ್ಣಪದ ಎನಿಸಿಕೊಳ್ಳಲು ಅವರು ಕೆಲವು ಷರತ್ತುಗಳನ್ನೂ ಇಟ್ಟರು. ಪದ ಒಂದೇ ಘಟಕವಾಗಿರಬೇಕು, ಮತ್ತೊಂದು ಬಣ್ಣದ ಒಳಭೇದವಾಗಿರಬಾರದು, ಯಾವುದೋ ಒಂದು ಸಣ್ಣ ಗುಂಪಿನ ವಸ್ತುಗಳಿಗೆ ಮಾತ್ರ ಸೀಮಿತವಾಗಿರಬಾರದು. ಅವರ ಪ್ರಶ್ನೆಗೆ ಈ ಷರತ್ತುಗಳು ಸರಿಯಾಗಿಯೇ ಇವೆ. ಎಲ್ಲ ಭಾಷೆಗಳಿಗೂ ಸಾಮಾನ್ಯವಾದುದನ್ನು ಹುಡುಕುವವರು ವಿಶೇಷವಾದುದನ್ನು ಬದಿಗಿಡಲೇಬೇಕು.

ದಿನಬಳಕೆಯ ಖಚಿತ ಪದಗಳನ್ನು ಹುಡುಕಿ ಹೊರಟ ನಮ್ಮ ವಿದ್ಯಾರ್ಥಿಯೂ ಅದೇ ಷರತ್ತುಗಳನ್ನು ಹೊತ್ತುಕೊಂಡು ಹೋದರೆ ಮಾತ್ರ ಅನರ್ಥವಾಗುತ್ತದೆ. ಏಕೆಂದರೆ ಆ ಷರತ್ತುಗಳು ಹೊರಗಿಡುವ ಪದಗಳೇ ನಮಗೆ ಬೇಕಾದವು. ಎಣ್ಣೆಗೆಂಪು ಎಂಬುದು ಮನುಷ್ಯನ ಮೈಬಣ್ಣಕ್ಕೆ ಮಾತ್ರ ಸಲ್ಲುವ ಪದ. ಎಣ್ಣೆಗೆಂಪು ಮಣ್ಣು ಎಂದಾಗಲಿ, ಎಣ್ಣೆಗೆಂಪು ಸೀರೆ ಎಂದಾಗಲಿ ಹೇಳುವವರಿಲ್ಲ. ಅದರಲ್ಲಿ ಬಣ್ಣದ ಜೊತೆಗೆ ಎಣ್ಣೆ ಹಚ್ಚಿದಂತಹ ಒಂದು ಹೊಳಪಿನ ನೆನಪೂ ಇದೆ. ಆ ಹೊಳಪನ್ನು ತೋರಿಸುವ ಬಿಲ್ಲೆ ಯಾವ ಫಲಕದಲ್ಲಿದೆ? ಕೆಂದ ಎಂದು ಕರೆಯುವ ಎತ್ತಿನ ಕೆಂಪನ್ನು ದಾಸವಾಳದ ಪಕ್ಕದಲ್ಲಿಟ್ಟರೆ ಅದು ಕೆಂಪೇ ಅಲ್ಲ. ದನಗಳ ನಡುವೆ ನಿಂತಾಗ ಅದು ಕೆಂಪು.

ಅಡುಗೆಮನೆಯ ಕೆಂಪು ಇನ್ನೂ ಸೂಕ್ಷ್ಮ. ಈರುಳ್ಳಿಯನ್ನು ಕೆಂಪಗಾಗುವವರೆಗೆ ಹುರಿಯಬೇಕು ಎಂದು ನಮ್ಮ ತಾಯಂದಿರು ಹೇಳುತ್ತಾರೆ. ಹುರಿದ ಈರುಳ್ಳಿ ಕುಂಕುಮದಂತೆ ಕೆಂಪಾಗುವುದು ಎಂದೂ ಉಂಟೆ? ಅಲ್ಲಿ ‘ಕೆಂಪಗೆ’ ಎಂಬುದು ಒಂದು ಬಣ್ಣದ ಹೆಸರಿಗಿಂತ ಹೆಚ್ಚಾಗಿ ಒಂದು ಘಟ್ಟದ ಹೆಸರು. ಅದಕ್ಕೆ ಮುಂಚಿನದು ಬಾಡಿದ ಘಟ್ಟ, ಅದರ ನಂತರದ್ದು ಸೀದು ಕಪ್ಪಾದ ಘಟ್ಟ. ಎರಡರ ನಡುವಿನ ಗಡಿಯನ್ನು ‘ಕೆಂಪಗೆ’ ಎಂಬ ಪದ ಕಾಯುತ್ತಿದೆ. ಬಿಲ್ಲೆಯ ಫಲಕವನ್ನು ಒಲೆಯ ಪಕ್ಕ ಹಿಡಿದು ಇದು ಕಂದು ಅಥವಾ ಹೊಂಬಣ್ಣ ಎಂದು ತೀರ್ಪು ಕೊಡುವವನು ಬಣ್ಣವನ್ನು ಸರಿಯಾಗಿಯೇ ನೋಡಿದ್ದಾನೆ, ಪದವನ್ನು ಮಾತ್ರ ಕೇಳಿಸಿಕೊಂಡಿಲ್ಲ. ಬಣ್ಣದ ಪದವನ್ನು ಬರೆದುಕೊಳ್ಳುವಾಗ ಅದು ಯಾವ ವಸ್ತುವಿನ ಮೇಲೆ ಕೂತಿತ್ತು, ಅದರ ಹಿಂದಿನ ಬಣ್ಣ ಯಾವುದು, ಮುಂದಿನದು ಯಾವುದು ಎಂಬುದನ್ನು ಬರೆಯದಿದ್ದರೆ ಆ ನಮೂದಿಗೆ ಬೆಲೆಯಿಲ್ಲ.

ಇಲ್ಲಿ ನಮ್ಮ ವ್ಯಾಕರಣವೇ ಒಂದು ಒರೆಗಲ್ಲನ್ನು ಕೊಟ್ಟಿದೆ, ಅದನ್ನು ಬಳಸುವವರು ಕಡಿಮೆ. ಕೆಂಪು, ಕಪ್ಪು, ಕಂದು ಎಂಬ ಪದಗಳು ಮತ್ತೊಂದು ಪದದೊಡನೆ ಬೆಸೆದಾಗ ಆದಿಯ ಕಕಾರ ಗಕಾರವಾಗುತ್ತದೆ: ಕಡುಗೆಂಪು, ನಸುಗಪ್ಪು, ಎಣ್ಣೆಗೆಂಪು. ಮಾತನಾಡುವವರು ‘ಎಣ್ಣೆ ಕೆಂಪು’ ಎಂದು ಬಿಡಿಸಿ ಹೇಳದೆ ‘ಎಣ್ಣೆಗೆಂಪು’ ಎಂದಾಗ, ಅದು ಅವರ ಮನಸ್ಸಿನಲ್ಲಿ ಒಂದೇ ಪದವಾಗಿ ನೆಲೆಗೊಂಡಿದೆ ಎಂದು ತಿಳಿಯಬಹುದು. ‘ಇಟ್ಟಿಗೆ ಬಣ್ಣ’, ‘ಕಾಫಿಪುಡಿ ಬಣ್ಣ’ ಎಂಬವು ಇನ್ನೂ ಹೋಲಿಕೆಯ ಹಂತದಲ್ಲಿವೆ. ಹೋಲಿಕೆಯನ್ನು ಯಾರು ಬೇಕಾದರೂ ಆ ಕ್ಷಣಕ್ಕೆ ಹೊಸದಾಗಿ ಕಟ್ಟಬಹುದು. ಬೆಸೆದ ಪದವನ್ನು ಒಬ್ಬನೇ ಕಟ್ಟಲಾರ, ಅದಕ್ಕೆ ಸಮುದಾಯದ ಬಳಕೆ ಬೇಕು. ಪಟ್ಟಿಯಲ್ಲಿ ಇವೆರಡನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಈ ಒರೆಗಲ್ಲಿಗೂ ಮಿತಿಯುಂಟು. ಹಳಗನ್ನಡದ ಪಸುರು ಈಗ ಹಸಿರಾಗಿದೆ, ಆದ್ದರಿಂದ ಗಿಳಿಹಸಿರು ಎಂಬಲ್ಲಿ ಅಂತಹ ಕುರುಹು ಸಿಗದು. ನೀಲಿ, ಬಿಳಿ ಎಂಬವುಗಳಲ್ಲೂ ಸಿಗದು. ಅಲ್ಲಿ ಮತ್ತೆ ನಿರಾಕರಣೆಯ ಪ್ರಶ್ನೆಯನ್ನೇ ಆಶ್ರಯಿಸಬೇಕು.

ಈ ಪ್ರಶ್ನೆಯನ್ನು ಕೇಳುವ ಬಗೆ ಹೇಗೆ? ಹೆಚ್ಚಿನವರು ಎಡವುವುದು ಇಲ್ಲಿಯೇ. ಪುಸ್ತಕ ಹಿಡಿದು ಹೋಗಿ ‘ಇದಕ್ಕೆ ನಿಮ್ಮ ಕಡೆ ಏನೆನ್ನುತ್ತೀರಿ’ ಎಂದು ಕೇಳಿದರೆ, ಎದುರಿನವರು ಓದಿದವನೊಬ್ಬ ಬಂದಿದ್ದಾನೆಂದು ಮಾತನ್ನು ಶಾಲೆಯ ಕನ್ನಡಕ್ಕೆ ತಿರುಗಿಸಿಬಿಡುತ್ತಾರೆ. ತಾವು ದಿನಾಲೂ ಆಡುವ ಪದ ಬರೆಯತಕ್ಕದ್ದಲ್ಲ ಎಂಬ ಸಂಕೋಚ ಅವರಿಗೆ. ಅದಕ್ಕಿಂತ ಬೇಕೆಂದೇ ಒಂದು ತಪ್ಪು ಪದವನ್ನು ಮುಂದಿಡುವುದು ಮೇಲು. ತಪ್ಪನ್ನು ತಿದ್ದುವಾಗ ಯಾರಿಗೂ ಸಂಕೋಚವಿರುವುದಿಲ್ಲ.

ಒಂದು ನಿದರ್ಶನ ಹೇಳುತ್ತೇನೆ. ತುಮಕೂರು ಸೀಮೆ ತೆಂಗಿನ ಸೀಮೆ, ತಿಪಟೂರಿನ ಉಂಡೆ ಕೊಬ್ಬರಿ ನಾಡಿಗೇ ಪರಿಚಿತ. ಅದನ್ನು ಮಾಡುವ ಕ್ರಮದಲ್ಲಿ ಕಿವಿಗೆ ದೊಡ್ಡ ಪಾತ್ರವಿದೆ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಸುಮಾರು ಒಂದು ವರ್ಷದವರೆಗೂ ಇಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪನ್ನು ಬಿಡುತ್ತದೆ. ಒಡೆಯುವುದಕ್ಕೆ ಮುಂಚೆ ಒಳಗೆ ಏನಾಗಿದೆ ಎಂದು ನೋಡುವ ಉಪಾಯವಿಲ್ಲ, ಅಲ್ಲಾಡಿಸಿ ಕೇಳಬೇಕು ಅಷ್ಟೆ. ಶಿರಾ ಗೇಟಿನ ಬಳಿ ಕಾಯಿ ಮಾರುತ್ತಿದ್ದ ಹಿರಿಯರೊಬ್ಬರು ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದಾಗ ನಾನು ‘ನೀರು ಲೊಡಲೊಡ ಅಂತದಾ?’ ಎಂದು ಕೇಳಿದೆ. ಅವರು ತಿರುಗಿ ನೋಡಿ, ‘ನೀರು ಎಲ್ಲಾದ್ರೂ ಲೊಡಲೊಡ ಅಂತದಾ ಸ್ವಾಮಿ? ನೀರು ತುಳುಕ್ತದೆ. ಲೊಡಲೊಡ ಅಂದ್ರೆ ಅದು ಕೊಬ್ಬರಿ ಆಯ್ತು ಅಂತ ಲೆಕ್ಕ’ ಎಂದರು. ಹಾಗಾದರೆ ಎಳನೀರು ಏನೆನ್ನುತ್ತದೆ ಎಂದೆ. ‘ಅದು ತುಂಬಿರ್ತದಲ್ಲ, ಅದೇನೂ ಅನ್ನಲ್ಲ’ ಎಂದರು.

ಮೂರು ವಾಕ್ಯಗಳಲ್ಲಿ ಒಂದು ಪೂರ್ಣ ವ್ಯವಸ್ಥೆ ಕೈಗೆ ಬಂತು. ತುಂಬಿದ್ದು ಮೌನ, ಅರೆತುಂಬಿದ್ದು ತುಳುಕು, ಒಣಗಿ ಬಿಡುವಾದದ್ದು ಲೊಡಲೊಡ. ಲೊಡಲೊಡ ಎಂಬುದರ ಅರ್ಥ ‘ಒಂದು ಬಗೆಯ ಸದ್ದು’ ಅಲ್ಲ. ಒಂದು ಗಟ್ಟಿ ವಸ್ತು ತನ್ನ ಹೊದಿಕೆಗಿಂತ ಚಿಕ್ಕದಾಗಿ, ಅದರೊಳಗೆ ಹಿಡಿತವಿಲ್ಲದೆ ಅಲ್ಲಾಡುವಾಗಿನ ಸದ್ದು. ಈ ಅರ್ಥ ಸಿಕ್ಕ ಕೂಡಲೇ ಸಡಿಲವಾದ ಚಪ್ಪಲಿ, ಹಿಡಿ ಕಳಚುತ್ತಿರುವ ಕೊಡಲಿ, ಹಿಡಿತವಿಲ್ಲದ ಬಾಯಿಯ ಮಾತು, ಇವಕ್ಕೆಲ್ಲ ಇದೇ ಪದ ಏಕೆ ಸಲ್ಲುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ. ನಾನು ಸರಿಯಾದ ಪದವನ್ನೇ ಕೇಳಿದ್ದರೆ ಅವರು ಹೂಂ ಎಂದು ಸುಮ್ಮನಾಗುತ್ತಿದ್ದರು, ನನಗೆ ಗಡಿ ಕಾಣುತ್ತಿರಲಿಲ್ಲ. ಇದರ ಅಪಾಯವನ್ನೂ ಹೇಳಬೇಕು. ಕೆಲವರು ಮರ್ಯಾದೆಗೆಂದು ತಪ್ಪು ಪದಕ್ಕೂ ಹೂಂಗುಡುತ್ತಾರೆ. ಹಾಗಾಗಿ ಒಬ್ಬರ ಒಪ್ಪಿಗೆಯನ್ನು ಎಂದೂ ಪುರಾವೆಯೆಂದು ಬರೆಯಬಾರದು. ಒಬ್ಬರ ತಿದ್ದುಪಡಿಯನ್ನು ಬರೆದುಕೊಂಡು, ಬೇರೆ ದಿನ, ಬೇರೊಬ್ಬರ ಬಳಿ, ಅದೇ ತಪ್ಪನ್ನು ಮತ್ತೆ ಇಟ್ಟು ನೋಡಬೇಕು.

ಗಡಿಯನ್ನು ಬರೆಯುವ ಪಟ್ಟಿ ಕನ್ನಡಕ್ಕೆ ಹೊಸದೇನೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಮನೆಯಲ್ಲಿಯೇ ಎರಡು ಬಗೆಯ ಸಂಗ್ರಹಗಳಿದ್ದವು. ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ದಲ್ಲಿ ಹಿಂದಿನ ಕವಿಗಳ ಸೊಗಸಾದ ಪದ್ಯಗಳನ್ನು ವರ್ಣನಾವಿಷಯಗಳಿಗೆ ಅನುಸಾರವಾಗಿ ಜೋಡಿಸಿಟ್ಟ. ಅದು ರುಚಿಯ ಸಂಗ್ರಹ, ಅದರ ಉಪಕಾರ ದೊಡ್ಡದು. ಮಗ ‘ಶಬ್ದಮಣಿದರ್ಪಣ’ದಲ್ಲಿ ಕಟ್ಟಿದ್ದು ಬೇರೆಯ ಬಗೆಯ ಪಟ್ಟಿಗಳನ್ನು. ಅವುಗಳಲ್ಲಿ ಒಂದು, ೞಕಾರವುಳ್ಳ ಪದಗಳದ್ದು. ಆ ಅಕ್ಷರ ಜನರ ಬಾಯಿಂದ ಜಾರಿಹೋಗುತ್ತಿದ್ದ ಕಾಲ ಅದು. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಉಚ್ಚಾರಣೆಯಲ್ಲಿ ಎರಡೂ ಒಂದಾದ ಮೇಲೆ ಯಾವುದು ಯಾವುದೆಂದು ಹೇಳುವವರು ಯಾರು? ಕೇಶಿರಾಜ ೞಕಾರ ಒಂದು ಬಗೆಯ ಳಕಾರ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಯಾವ ಪದದಲ್ಲಿ ಅದು ಇದೆ, ಯಾವುದರಲ್ಲಿ ಇರುವುದು ಬೇರೆಯ ಳಕಾರ ಎಂದು ವಿಂಗಡಿಸಿದ. ಹಸ್ತಪ್ರತಿಗಳ ಪಾಠನಿರ್ಣಯಕ್ಕೆ ಕುಳಿತ ಸಂಪಾದಕರಿಗೆ ಅವನ ಪಟ್ಟಿ ಇಂದಿಗೂ ನೆರವಾಗುವುದು ಆ ವಿಂಗಡಣೆಯಿಂದಾಗಿ.

ಅದೇ ಗ್ರಂಥದ ಧಾತುಪಾಠದಲ್ಲಿ ಮಾತ್ರ ನಾವು ಎಚ್ಚರದಿಂದ ನಡೆಯಬೇಕು. ಅಲ್ಲಿ ಕನ್ನಡದ ಧಾತುಗಳಿಗೆ ಸಂಸ್ಕೃತದಲ್ಲಿ ಚುಟುಕಾದ ಅರ್ಥನಿರ್ದೇಶವಿದೆ. ವೈಯಾಕರಣನಿಗೆ ಅಷ್ಟು ಸಾಕು, ಅವನ ಉದ್ದೇಶ ಧಾತುವಿನ ರೂಪವನ್ನು ಸ್ಥಿರಪಡಿಸುವುದು. ಆದರೆ ನಡಿಗೆಯ ಸೂಕ್ಷ್ಮಗಳನ್ನು ಹುಡುಕುವವನು ಆ ಒಂದು ಪದದ ಅರ್ಥವನ್ನೇ ಮಾದರಿಯಾಗಿಟ್ಟುಕೊಂಡರೆ, ಗತಿಯನ್ನು ಹೇಳುವ ಧಾತುಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತವೆ. ನಮ್ಮ ಪಟ್ಟಿಕಾರರು ಕೇಶಿರಾಜನಿಂದ ಕಲಿಯಬೇಕಾದದ್ದು ೞಕಾರದ ಪಟ್ಟಿಯ ವಿಂಗಡಣೆಯನ್ನು. ಅವರು ಅನುಸರಿಸುತ್ತಿರುವುದು ಧಾತುಪಾಠದ ಚುಟುಕನ್ನು.

ನನ್ನ ವಾದಕ್ಕೆ ಮೂರು ಆಕ್ಷೇಪಗಳು ಬರುವುದುಂಟು. ಮೊದಲನೆಯದು, ಕಿಟ್ಟೆಲರ 1894ರ ಕೋಶವಿದೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿದೆ, ಹೊಸ ಪಟ್ಟಿ ಏಕೆ ಎಂಬುದು. ಆ ಕೋಶಗಳ ಋಣವನ್ನು ತೀರಿಸಲು ನಮ್ಮಿಂದಾಗದು. ಆದರೆ ಪರಿಷತ್ತಿನ ನಿಘಂಟು ಮುಖ್ಯವಾಗಿ ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಆಧರಿಸಿದ್ದು. ಬರಹದಲ್ಲಿ ಬಿದ್ದ ಪದಕ್ಕೆ ಪ್ರಯೋಗ ಸಿಗುತ್ತದೆ. ಒಲೆಯ ಮುಂದೆ, ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ ಆಡಿ ಮುಗಿದ ಪದಕ್ಕೆ ಪ್ರಯೋಗ ಎಲ್ಲಿಂದ ಸಿಕ್ಕೀತು? ಸಿಕ್ಕಿದರೂ, ಪ್ರಯೋಗ ಒಂದು ಪದ ಎಲ್ಲಿ ಬಂದಿದೆ ಎಂದು ಹೇಳೀತೇ ಹೊರತು ಎಲ್ಲಿ ಬಾರದು ಎಂದು ಹೇಳಲಾರದು.

ಎರಡನೆಯದು, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಸದ್ದನ್ನೇ ಮುದ್ರಿಸಿಟ್ಟರೆ ಪದದ ವಿವರಣೆ ಏಕೆ ಎಂಬುದು. ಮುದ್ರಿಕೆ ಸದ್ದನ್ನು ಹಿಡಿಯುತ್ತದೆ, ಸಂಶಯವಿಲ್ಲ. ಆದರೆ ಕೊಬ್ಬರಿ ಅಲ್ಲಾಡುವ ಸದ್ದನ್ನು ಸಾವಿರ ಸಲ ಕೇಳಿದರೂ ‘ನೀರಿಗೆ ಈ ಪದ ಸಲ್ಲದು’ ಎಂಬ ತೀರ್ಪು ಅದರಲ್ಲಿ ಕೇಳಿಸುವುದಿಲ್ಲ. ಆ ತೀರ್ಪು ಇರುವುದು ಆಡುವವರ ಮನಸ್ಸಿನಲ್ಲಿ, ಅದನ್ನು ಕೇಳಿಯೇ ಪಡೆಯಬೇಕು.

ಮೂರನೆಯದು ಹೆಚ್ಚು ಗಂಭೀರ. ಇಂತಹ ಪದಗಳ ಅರ್ಥ ಊರಿಂದೂರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ, ಖಚಿತ ಗಡಿ ಎಂಬುದೇ ಸಂಗ್ರಾಹಕನ ಕಲ್ಪನೆ ಎನ್ನುವವರಿದ್ದಾರೆ. ಬದಲಾಗುತ್ತದೆ ನಿಜ. ಗುಬ್ಬಿಯಲ್ಲಿ ಕೇಳಿದ ಗಡಿ ಕುಣಿಗಲಿನಲ್ಲಿ ಒಂದಿಷ್ಟು ಸರಿದಿರಬಹುದು. ಆದರೆ ಸರಿದಿದೆ ಎಂದು ತಿಳಿಯಲು ಕೂಡ ಮೊದಲು ಒಂದು ಕಡೆಯ ಗಡಿಯನ್ನು ಬರೆದಿರಬೇಕಲ್ಲವೆ? ‘ವೇಗವಾಗಿ’ ಎಂದು ಬರೆದ ಎರಡು ಪಟ್ಟಿಗಳನ್ನು ಹೋಲಿಸಿದರೆ ಗುಬ್ಬಿಗೂ ಕುಣಿಗಲಿಗೂ ಭೇದವೇ ಕಾಣದು. ಪ್ರಾದೇಶಿಕ ವೈವಿಧ್ಯವನ್ನು ಮುಂದಿಟ್ಟು ಅಸ್ಪಷ್ಟತೆಯನ್ನು ಸಮರ್ಥಿಸುವವರು ಆ ವೈವಿಧ್ಯವನ್ನೇ ಅಳಿಸುತ್ತಿದ್ದಾರೆ.

ಆದ್ದರಿಂದ ಒಂದು ನಮೂದು ಎಂದರೆ ಇಷ್ಟಾದರೂ ಇರಬೇಕು. ಪದದ ಎರಡೂ ರೂಪಗಳು, ಎರಡನೆಯದು ಬಳಕೆಯಲ್ಲಿ ಇಲ್ಲದಿದ್ದರೆ ಇಲ್ಲವೆಂಬ ಮಾತು. ಕೇಳಿದ ವಾಕ್ಯ, ಕ್ರಿಯಾಪದ ಸಮೇತ, ಆಡಿದ ಹಾಗೆಯೇ, ಗ್ರಂಥಸ್ಥ ಭಾಷೆಗೆ ತಿದ್ದದೆ. ಸ್ಥಳ, ದಿನಾಂಕ, ಆಡಿದವರ ಕಸುಬು ಮತ್ತು ಅಂದಾಜು ವಯಸ್ಸು. ಆ ಪದದ ಅತಿ ಹತ್ತಿರದ ನೆರೆಯ ಪದ. ಕೊನೆಯದಾಗಿ, ನಿರಾಕರಿಸಲ್ಪಟ್ಟ ಕನಿಷ್ಠ ಒಂದು ವಾಕ್ಯ. ಕೇಳಿದ ಮಾತನ್ನು ಅಲ್ಲಿಯೇ ನಿಂತು ಬರೆಯಬೇಕು. ಮನೆಗೆ ಬಂದು ಬರೆದರೆ ಟಪಟಪ ಎಂದು ಕೇಳಿದ್ದು ಪಟಪಟ ಎಂದಾಗಿರುತ್ತದೆ, ಆ ಬದಲಾವಣೆ ಬರೆಯುವವನಿಗೆ ಗೊತ್ತೂ ಆಗುವುದಿಲ್ಲ. ಹೀಗೆ ಮಾಡಿದರೆ ವಾರಕ್ಕೆ ನಾಲ್ಕೈದು ಪದಗಳಿಗಿಂತ ಹೆಚ್ಚು ಸಿಗಲಾರವು. ಸಿಗಬೇಕಾಗಿಯೂ ಇಲ್ಲ. ಐನೂರು ಪದಗಳ ಅನುಬಂಧವನ್ನು ನೋಡಿ ತಲೆದೂಗುವ ಮಾರ್ಗದರ್ಶಕರು, ಅದರಲ್ಲಿ ಯಾವುದಾದರೂ ಎರಡು ಪದಗಳನ್ನು ಬೆರಳಿಟ್ಟು ತೋರಿಸಿ ಇವೆರಡಕ್ಕೂ ಇರುವ ಅಂತರವೇನು ಎಂದು ಕೇಳಲಿ. ಉತ್ತರ ಬಾರದಿದ್ದರೆ ಆ ಪಟ್ಟಿಯನ್ನು ಹಿಂದಿರುಗಿಸಲಿ.

ಇದರಲ್ಲಿ ಪಣಕ್ಕಿರುವುದು ಬರಿಯ ಒಂದು ಅನುಬಂಧವಲ್ಲ. ಹೊಸ ಮನೆಗಳಲ್ಲಿ ಅಟ್ಟವಿಲ್ಲ. ತೆಂಗು ಬೆಳೆಯದ ಮನೆಯ ಮಕ್ಕಳು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುವ ಸಂದರ್ಭವೇ ಒದಗದು. ಸಂದರ್ಭ ಹೋದ ಮೇಲೂ ಲೊಡಲೊಡ ಎಂಬ ಪದ ಪುಸ್ತಕಗಳಲ್ಲಿ ಉಳಿದೀತು, ಯಾವುದೋ ಕಾದಂಬರಿಯ ಪುಟದಲ್ಲಿ ಅದನ್ನು ಕಂಡ ಓದುಗ ಅರ್ಥಕ್ಕಾಗಿ ನಮ್ಮ ಕಾಲದ ಪಟ್ಟಿಯನ್ನೇ ತೆರೆದಾನು. ಅಲ್ಲಿ ಅವನಿಗೆ ‘ಒಂದು ಬಗೆಯ ಸದ್ದು’ ಎಂಬ ಮಾತು ಸಿಗಬೇಕೋ, ನೀರಿಗೆ ಸಲ್ಲದ, ಒಣಗಿದ ತಿರುಳಿಗೆ ಸಲ್ಲುವ ಸದ್ದು ಎಂಬ ಮಾತು ಸಿಗಬೇಕೋ ಎಂಬುದನ್ನು ನಿರ್ಧರಿಸುವವರು, ಈಗ ಪುಸ್ತಕ ಪೆನ್ನು ಹಿಡಿದು ಶಿರಾ ಗೇಟಿನಂತಹ ಜಾಗಗಳಲ್ಲಿ ನಿಂತಿರುವವರು.